ಟೆಸ್ಟ್ ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಾಧ್ಯತೆ ಎಷ್ಟು?

ಪ್ರಶ್ನೆ: ನಮ್ಮ ಸ್ಟಾಟಿಸ್ಟಿಕ್ಸ್ ಹ್ಯಾಂಡ್‌ಔಟ್‌ನಲ್ಲಿ ಒಂದು ಲೆಕ್ಕ ಇದೆ. ಸ್ತನ ಕ್ಯಾನ್ಸರ್ ಇರುವ 100 ಮಹಿಳೆಯರಲ್ಲಿ 80 ಜನರಿಗೆ ಮ್ಯಾಮೊಗ್ರಾಮ್ ಪಾಸಿಟಿವ್ ಬರುತ್ತದೆ. ಹಾಗಾದರೆ ಪಾಸಿಟಿವ್ ಬಂದವರಿಗೆ ಕ್ಯಾನ್ಸರ್ ಇರುವ ಸಾಧ್ಯತೆ 80% ಅಲ್ವಾ? ಉತ್ತರ ಸುಮಾರು 8% ಎಂದಿದೆ. ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ. 8% ಸರಿಯಾದ ಉತ್ತರ. 80% ಅನ್ನಿಸುವುದು ನಿಮಗೊಬ್ಬರಿಗೇ ಅಲ್ಲ. ಅಮೆರಿಕದ ವೈದ್ಯ ಡೇವಿಡ್ ಎಡ್ಡಿ 1982ರಲ್ಲಿ ಇದೇ ಬಗೆಯ ಲೆಕ್ಕದ ಬಗ್ಗೆ ಬರೆದರು. ಅವರು ಕೇಳಿದ ವೈದ್ಯರಲ್ಲಿ ಹೆಚ್ಚಿನವರು 75% ಆಸುಪಾಸಿನ ಉತ್ತರ ಕೊಟ್ಟಿದ್ದರು.

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದರಂತೆ ಕಾಣುತ್ತವೆ. ಕ್ಯಾನ್ಸರ್ ಇದೆ ಎಂದು ಗೊತ್ತಿದ್ದಾಗ ಪಾಸಿಟಿವ್ ಬರುವ ಸಂಭವನೀಯತೆ ಎಷ್ಟು ಎಂಬುದು ಒಂದು. ಅದು P(+|C). ಪಾಸಿಟಿವ್ ಬಂದಿದೆ ಎಂದು ಗೊತ್ತಿದ್ದಾಗ ಕ್ಯಾನ್ಸರ್ ಇರುವ ಸಂಭವನೀಯತೆ ಎಷ್ಟು ಎಂಬುದು ಇನ್ನೊಂದು. ಅದು P(C|+). ಆಟೋ ಓಡಿಸುವವರಲ್ಲಿ ಬಹುಪಾಲು ಗಂಡಸರು. ಹಾಗಂತ ಗಂಡಸರಲ್ಲಿ ಬಹುಪಾಲು ಆಟೋ ಓಡಿಸುವವರಲ್ಲ. P(+|C)ಯಲ್ಲಿ ಗೆರೆಯ ಬಲಗಡೆ ಇರುವುದು ಷರತ್ತು. ಯಾವ ಗುಂಪಿನೊಳಗೆ ಎಣಿಸುತ್ತಿದ್ದೇವೆ ಎಂದು ಅದು ಹೇಳುತ್ತದೆ. ಗುಂಪು ಬದಲಾದರೆ ಛೇದವೂ ಬದಲಾಗುತ್ತದೆ.

ಈ ಲೆಕ್ಕಕ್ಕೆ ಇನ್ನೆರಡು ಸಂಖ್ಯೆಗಳು ಬೇಕು. ಪಾಠಗಳಲ್ಲಿ ಸಾಮಾನ್ಯವಾಗಿ ಹೀಗೆ ಕೊಡುತ್ತಾರೆ: ಪರೀಕ್ಷೆಗೆ ಬರುವವರಲ್ಲಿ 1% ಮಹಿಳೆಯರಿಗೆ ಕ್ಯಾನ್ಸರ್ ಇದೆ, ಕ್ಯಾನ್ಸರ್ ಇಲ್ಲದವರಲ್ಲೂ 9.6% ಜನರಿಗೆ ಸುಮ್ನೆ ಪಾಸಿಟಿವ್ ಬರುತ್ತದೆ. ಇವು ಕಲಿಯಲು ಇಟ್ಟುಕೊಂಡ ಅಂಕಿಗಳು. ಇವತ್ತಿನ ಯಾವುದೋ ಆಸ್ಪತ್ರೆಯ ಅಂಕಿಗಳೆಂದು ತಿಳಿಯಬೇಡಿ.

ಈಗ ಶೇಕಡಾವಾರನ್ನು ಬಿಟ್ಟು ಜನರನ್ನೇ ಎಣಿಸೋಣ. ನನ್ನ ಪ್ರಕಾರ ಹ್ಯಾಂಡ್‌ಔಟ್ ಇಲ್ಲಿಂದಲೇ ಶುರುವಾಗಬೇಕು, ಸೂತ್ರ ಆಮೇಲೆ ಬರಲಿ. 1000 ಮಹಿಳೆಯರು ಎಂದುಕೊಳ್ಳಿ. ಅವರಲ್ಲಿ 10 ಜನರಿಗೆ ಕ್ಯಾನ್ಸರ್ ಇದೆ. ಆ ಹತ್ತರಲ್ಲಿ 8 ಜನರಿಗೆ ಪಾಸಿಟಿವ್ ಬರುತ್ತದೆ. ಉಳಿದ 990 ಜನರಿಗೆ ಕ್ಯಾನ್ಸರ್ ಇಲ್ಲ. ಆದರೆ ಅವರಲ್ಲಿ 9.6% ಅಂದರೆ ಸುಮಾರು 95 ಜನ. ಅವರಿಗೂ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 103. ಅದರಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು 8. ಎಂಟನ್ನು 103ರಿಂದ ಭಾಗಿಸಿದರೆ ಸುಮಾರು 7.8%.

ಪರೀಕ್ಷೆ ತೀರಾ ಕೆಟ್ಟದ್ದೇನಲ್ಲ. ಕಾಯಿಲೆ ಇಲ್ಲದವರೇ ಅಷ್ಟು ಜಾಸ್ತಿ ಇರುವುದರಿಂದ ಅವರಲ್ಲಿ ಸಣ್ಣ ಪಾಲು ತಪ್ಪಿದರೂ ಆ ಸಂಖ್ಯೆ ನಿಜವಾದ 8ನ್ನು ಮುಳುಗಿಸಿಬಿಡುತ್ತದೆ. ಬೇಯ್ಸ್ ಸೂತ್ರ ಇದೇ ಎಣಿಕೆಯನ್ನು ಬರೆದಿಡುತ್ತದೆ:

```
P(C|+) = (0.80 × 0.01) / (0.80 × 0.01 + 0.096 × 0.99)
       = 0.008 / 0.10304 ≈ 0.078
```

ಛೇದದಲ್ಲಿರುವ ಎರಡನೇ ತುಂಡನ್ನು ನೋಡಿ. ತಪ್ಪು ಉತ್ತರ ಬರೆಯುವವರು ಹೆಚ್ಚಾಗಿ ಅದನ್ನೇ ಬಿಟ್ಟಿರುತ್ತಾರೆ. ನಿಮ್ಮ ಛೇದದಲ್ಲಿ ಕಾಯಿಲೆ ಇಲ್ಲದ ಪಾಸಿಟಿವ್‌ಗಳು ಸೇರಿಲ್ಲ ಎಂದಾದರೆ ನೀವಿನ್ನೂ ಪ್ರಶ್ನೆಯನ್ನು ತಿರುಗಿಸಿಲ್ಲ.

0.01 ಬದಲಾದರೆ ಉತ್ತರವೂ ಬದಲಾಗುತ್ತದೆ. ಗಂಟು ಕಂಡು ಬಂದವರನ್ನು ಮಾತ್ರ ಪರೀಕ್ಷಿಸಿದೆವು, ಅವರಲ್ಲಿ 20% ಜನರಿಗೆ ಕ್ಯಾನ್ಸರ್ ಇದೆ ಎಂದು ಊಹಿಸಿಕೊಳ್ಳಿ. 1000 ಜನರಲ್ಲಿ ನಿಜವಾದ ಪಾಸಿಟಿವ್ 160, ತಪ್ಪು ಪಾಸಿಟಿವ್ ಸುಮಾರು 77. ಅದೇ ಯಂತ್ರ, ಉತ್ತರ ಮಾತ್ರ ಸುಮಾರು 68%. ಆದ್ದರಿಂದ 8% ಎಂಬುದನ್ನು ಮ್ಯಾಮೊಗ್ರಾಮ್‌ನ ಗುಣ ಎಂದು ನೆನಪಿಟ್ಟುಕೊಳ್ಳಬೇಡಿ. ಪರೀಕ್ಷೆಗೆ ಯಾರು ಬಂದರು ಎಂಬುದೂ ಅದರಲ್ಲಿ ಸೇರಿದೆ.

ನೆಗೆಟಿವ್ ಕಡೆಯನ್ನೂ ನೋಡಿ. ಮೊದಲ 1000 ಜನರಲ್ಲಿ ನೆಗೆಟಿವ್ ಬಂದವರು 897, ಅವರಲ್ಲಿ ಕ್ಯಾನ್ಸರ್ ಇರುವವರು 2. ಅಂದರೆ ಸುಮಾರು 0.2%.

ಕೊನೆಗೆ ಒಂದು ಎಚ್ಚರಿಕೆ. ಪಾಸಿಟಿವ್ ಬಂದ 103 ಜನರಿಗೆ ಅದೇ ಪರೀಕ್ಷೆ ಮತ್ತೆ ಮಾಡಿದರೆ? 8ರಲ್ಲಿ 6.4, 95ರಲ್ಲಿ 9.1, ಹಾಗಾಗಿ 41% ಎಂದು ಸೂತ್ರ ಹೇಳುತ್ತದೆ. ಆದರೆ ಎರಡು ಪರೀಕ್ಷೆಗಳ ತಪ್ಪುಗಳಿಗೆ ಪರಸ್ಪರ ಸಂಬಂಧ ಇಲ್ಲದಿದ್ದರೆ ಮಾತ್ರ ಅದು ಸರಿ. ಮೊದಲ ಸಲ ಕ್ಯಾನ್ಸರ್ ಅಲ್ಲದ ಗಡ್ಡೆಯೊಂದು ಅನುಮಾನ ಹುಟ್ಟಿಸಿದ್ದರೆ ಎರಡನೇ ಚಿತ್ರದಲ್ಲೂ ಅದೇ ಕಾಣುತ್ತದೆ. ಆಗ ನಿಜವಾದ ಸಂಭವನೀಯತೆ 41ಕ್ಕಿಂತ ಕಡಿಮೆಯೇ ಇರುತ್ತದೆ. ಹಾಗಾಗಿ ಮ್ಯಾಮೊಗ್ರಾಮ್ ಪಾಸಿಟಿವ್ ಬಂದ ಮೇಲೆ ಬೇರೆ ಬಗೆಯ ಪರೀಕ್ಷೆಗೆ ಹೋಗುತ್ತಾರೆ: ಅಲ್ಟ್ರಾಸೌಂಡ್, ಬೇಕಾದರೆ ಬಯಾಪ್ಸಿ.