‘ಖಂಡಿತ ಸೇರ್ತೀನಿ’ ಅಂದವರು ಯಾಕೆ ಸೇರಲಿಲ್ಲ?

ಪ್ರಶ್ನೆ: ಬ್ಲೌಸ್ ಕಟಿಂಗ್, ಸ್ಟಿಚಿಂಗ್ ಕಲಿಸುವ ಯೂಟ್ಯೂಬ್ ಚಾನೆಲ್ ನನ್ನದು. ಫೀಸ್ ಇಟ್ಟು ಆನ್‌ಲೈನ್ ಕ್ಲಾಸ್ ಶುರು ಮಾಡೋಣ ಅಂತ ವೀಕ್ಷಕರ ಸರ್ವೆ ಮಾಡಿದೆ. ‘ಕ್ಲಾಸ್ ಮಾಡಿದರೆ ಸೇರ್ತೀರಾ?’ ಅಂತ ಕೇಳಿದ್ದಕ್ಕೆ ನೂರಕ್ಕೆ ಎಂಬತ್ತು ಮಂದಿ ‘ಖಂಡಿತ’ ಅಂದರು. ಅಡ್ಮಿಷನ್ ತೆರೆದಾಗ ಬಂದವರು ಬೆರಳೆಣಿಕೆಯಷ್ಟು. ಸರ್ವೆ ಮಾಡೋದೇ ದಂಡವಾ?

ಉತ್ತರ: ದಂಡವಲ್ಲ. ಆದರೆ ‘ಸೇರ್ತೀರಾ?’ ಅನ್ನುವ ಪ್ರಶ್ನೆಗೆ ಬರುವ ಉತ್ತರದಿಂದ ನಿಮಗೆ ಏನೂ ತಿಳಿಯುವುದಿಲ್ಲ. ಪುಕ್ಕಟೆಯಾಗಿ ನಿಮ್ಮಿಂದ ಕಲಿತವರು ನಿಮ್ಮ ಮುಖಕ್ಕೆ ‘ಇಲ್ಲ’ ಅನ್ನಲು ಹಿಂದೆ ಮುಂದೆ ನೋಡುತ್ತಾರೆ. ‘ಹೌದು’ ಒತ್ತುವುದಕ್ಕೆ ಖರ್ಚೇನೂ ಇಲ್ಲ. ಅವರು ಸುಳ್ಳು ಹೇಳಿದ್ದೂ ಅಲ್ಲ, ಆ ಗಳಿಗೆಯಲ್ಲಿ ಸೇರಬೇಕು ಅಂತ ನಿಜವಾಗಿ ಅನ್ನಿಸಿರುತ್ತದೆ. ಫೀಸ್ ಎಷ್ಟು, ಯಾವ ಹೊತ್ತಿಗೆ ಕ್ಲಾಸ್, ಮನೆಯಲ್ಲಿ ಒಪ್ಪುತ್ತಾರಾ ಅನ್ನುವುದೆಲ್ಲ ತಲೆಗೆ ಬರುವುದು ಆಮೇಲೆ.

ಅದಕ್ಕೇ ಮುಂದಿನದನ್ನು ಬಿಟ್ಟು ಹಿಂದಿನದನ್ನು ಕೇಳಬೇಕು. ‘ಹೊಲಿಗೆ ಕಲಿಯಲು ಕಳೆದ ಒಂದು ವರ್ಷದಲ್ಲಿ ಯಾವುದಕ್ಕಾದರೂ ದುಡ್ಡು ಕೊಟ್ಟಿದ್ದೀರಾ? ಯಾವುದಕ್ಕೆ, ಎಷ್ಟು?’ ಅಂತ ಕೇಳಿ. ಊರಿನ ಟೈಲರಿಂಗ್ ಕ್ಲಾಸ್, ಪೇಪರ್ ಪ್ಯಾಟರ್ನ್, ಬೇರೆಯವರ ಆನ್‌ಲೈನ್ ಕೋರ್ಸ್, ಏನಾದರೂ ಆಗಬಹುದು. ಒಮ್ಮೆ ಕೊಟ್ಟವರು ಇನ್ನೊಮ್ಮೆ ಕೊಡುವ ಸಾಧ್ಯತೆ ಹೆಚ್ಚು. ಈವರೆಗೆ ಒಂದು ರೂಪಾಯಿಯನ್ನೂ ಕೊಡದವರ ‘ಖಂಡಿತ’ವನ್ನು ಲೆಕ್ಕದಿಂದ ಹೊರಗಿಟ್ಟರೆ ನಷ್ಟವಿಲ್ಲ.

ಕಷ್ಟ ಏನು ಅಂತ ತಿಳಿಯುವುದಕ್ಕೂ ಇದೇ ದಾರಿ. ‘ನಿಮಗೆ ಯಾವ ವಿಷಯದ ವಿಡಿಯೋ ಬೇಕು?’ ಅಂದರೆ ‘ಪ್ರಿನ್ಸೆಸ್ ಕಟ್’, ‘ಎಲ್ಲಾ ಮಾಡೆಲ್ ತೋರಿಸಿ ಮೇಡಂ’ ಅಂತಷ್ಟೇ ಬರುತ್ತದೆ. ಬದಲಿಗೆ ‘ಕಳೆದ ಸಲ ಬ್ಲೌಸ್ ಹೊಲಿದಾಗ ಯಾವುದನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು?’ ಅಂತ ಕೇಳಿ ನೋಡಿ. ತೋಳು ಕೂರಿಸಿದ ಮೇಲೆ ಕಂಕುಳಲ್ಲಿ ನೆರಿಗೆ ಬಂತು, ಅಳತೆ ಬ್ಲೌಸ್ ಇಟ್ಟು ಕಟ್ ಮಾಡಿದರೂ ಮುಂಭಾಗ ಎಳೆಯುತ್ತದೆ, ಕಸ್ಟಮರ್ ವಾಪಸ್ ತಂದರು ಅಂತ ಬರೆಯುತ್ತಾರೆ. ಕೊನೆಯದನ್ನು ಎರಡು ಸಲ ಓದಿ. ಅದನ್ನು ಬರೆದವರು ಬೇರೆಯವರಿಗೆ ಹೊಲಿದುಕೊಡುವವರು. ಅವರಿಗೆ ತಪ್ಪಾದ ಪ್ರತಿ ಬ್ಲೌಸೂ ಕೈಯಿಂದ ಹೋಗುವ ದುಡ್ಡು.

ಹಾಗಾಗಿ ಫಾರ್ಮಿನ ಮೊದಲ ಪ್ರಶ್ನೆ ‘ಯಾರಿಗೆ ಹೊಲಿಯುತ್ತೀರಿ?’ ಅಂತಿರಲಿ. ನನಗೆ ಮತ್ತು ಮನೆಯವರಿಗೆ, ಬೇರೆಯವರಿಗೆ ಹೊಲಿದು ದುಡ್ಡು ತಗೊಳ್ತೀನಿ, ಇನ್ನೂ ಶುರು ಮಾಡಿಲ್ಲ: ಮೂರೇ ಆಯ್ಕೆ ಸಾಕು. ಗೂಗಲ್ ಫಾರ್ಮ್‌ನಲ್ಲಿ ಆ ಪ್ರಶ್ನೆಗೆ Go to section based on answer ಅನ್ನುವುದನ್ನು ಆನ್ ಮಾಡಿ, ಪ್ರತಿ ಆಯ್ಕೆಗೂ ಅದರ ಭಾಗವನ್ನು ಆರಿಸಿ, ಆ ಭಾಗ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅಂತಲೂ ಗೊತ್ತುಮಾಡಿದರೆ ಒಬ್ಬೊಬ್ಬರೂ ತಮಗೆ ಸಂಬಂಧಿಸಿದ ಭಾಗಕ್ಕಷ್ಟೇ ಹೋಗುತ್ತಾರೆ. Limit to 1 response ಮಾತ್ರ ಒತ್ತಬೇಡಿ. ಒತ್ತಿದರೆ ಗೂಗಲ್ ಖಾತೆಗೆ ಸೈನ್ ಇನ್ ಆಗು ಅನ್ನುತ್ತದೆ, ಮಗನ ಫೋನಿನಲ್ಲಿ ವಿಡಿಯೋ ನೋಡುವವರು ಅಲ್ಲಿಗೇ ಕೈಬಿಡುತ್ತಾರೆ. ಒಂದೆರಡು ಉತ್ತರ ಎರಡೆರಡು ಸಲ ಬಂದರೆ ಬರಲಿ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಟೈಪ್ ಮಾಡಲು ಬೇಸರ ಪಡುವವರಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲು ಹೇಳಿ. ಬರೆಯುವಾಗ ಎರಡು ಪದ ಬರೆಯುವವರು ಮಾತಿನಲ್ಲಿ ಇಡೀ ಕಥೆ ಹೇಳುತ್ತಾರೆ.

ಇನ್ನು ಯಾರು ಉತ್ತರಿಸಿದರು ಅನ್ನುವ ವಿಚಾರ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿರುವವರು ಮೊದಲೇ ನಿಮ್ಮ ಕಡೆಯವರು. ಫಾರ್ಮ್ ತುಂಬಿದವರಲ್ಲಿ ಮುಕ್ಕಾಲು ಪಾಲು ಅವರೇ ಆಗಿದ್ದರೆ ಎಂಬತ್ತು ಪರ್ಸೆಂಟ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಫಾರ್ಮಿನ ಮೂರು ಕಾಪಿ ಮಾಡಿ, ಒಂದನ್ನು ಗುಂಪಿಗೆ, ಒಂದನ್ನು ವಿಡಿಯೋ ವಿವರಣೆಯ ಮೊದಲ ಸಾಲಿಗೆ, ಇನ್ನೊಂದನ್ನು ಚಾನೆಲ್ಲಿನ ಪೋಸ್ಟಿಗೆ ಹಾಕಿ. ಮೂರರ ಉತ್ತರವನ್ನೂ ಬೇರೆಬೇರೆಯಾಗಿ ನೋಡಿ. ಗುಂಪಿನವರು ಒಂದು ಹೇಳಿ ವಿಡಿಯೋದಿಂದ ಬಂದವರು ಇನ್ನೊಂದು ಹೇಳಿದರೆ, ಎರಡನ್ನೂ ಸೇರಿಸಿ ಸರಾಸರಿ ತೆಗೆಯಬೇಡಿ. ಯೂಟ್ಯೂಬ್ ಪೋಲ್ ಸುಲಭವೇನೋ ಹೌದು, ಆದರೆ ಯಾರು ಯಾವುದಕ್ಕೆ ವೋಟ್ ಹಾಕಿದರು ಅಂತ ನಿಮಗೆ ಕಾಣುವುದಿಲ್ಲ. ಒಂದೇ ಪ್ರಶ್ನೆಯ ಅಂದಾಜಿಗಷ್ಟೇ ಅದು ಸಾಕು.

ಫೀಸ್ ಎಷ್ಟಿಡಬೇಕು? ‘ಎಷ್ಟು ಕೊಡ್ತೀರಾ?’ ಅಂದರೆ ಚೌಕಾಸಿ ಶುರುವಾಗುತ್ತದೆ, ಎಲ್ಲರೂ ಕಡಿಮೆಯನ್ನೇ ಹೇಳುತ್ತಾರೆ. ಡಚ್ ಅರ್ಥಶಾಸ್ತ್ರಜ್ಞ ಪೀಟರ್ ವಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಮುಂದಿಟ್ಟ ವಿಧಾನದಲ್ಲಿ ದರವನ್ನು ನಾಲ್ಕು ಕಡೆಯಿಂದ ಕೇಳುತ್ತಾರೆ. ಎಷ್ಟಿದ್ದರೆ ದುಬಾರಿ, ಬೇಡವೇ ಬೇಡ ಅನ್ನುತ್ತೀರಿ? ಎಷ್ಟಿದ್ದರೆ ಜಾಸ್ತಿಯಾಯಿತು, ಆದರೂ ಯೋಚನೆ ಮಾಡುತ್ತೀರಿ? ಎಷ್ಟಿದ್ದರೆ ಒಳ್ಳೆಯ ದರಕ್ಕೆ ಸಿಕ್ಕಿತು ಅನ್ನಿಸುತ್ತದೆ? ಎಷ್ಟು ಕಡಿಮೆಯಾದರೆ ‘ಇಷ್ಟಕ್ಕೆ ಏನು ಕಲಿಸ್ತಾರೆ?’ ಅಂತ ಅನುಮಾನ ಬರುತ್ತದೆ? ಕೊನೆಯ ಪ್ರಶ್ನೆಯೇ ನನಗೆ ಬಹಳ ಇಷ್ಟ. 99 ರೂಪಾಯಿ ಇಟ್ಟರೆ ಜನ ಮುಗಿಬೀಳುತ್ತಾರೆ ಅನ್ನುವ ನಂಬಿಕೆಗೆ ಅಲ್ಲಿ ಪೆಟ್ಟು ಬೀಳಬಹುದು. ಕೇಳುವ ಮುನ್ನ ಕ್ಲಾಸ್ ಹೇಗಿರುತ್ತದೆ ಅಂತ ಎರಡು ಸಾಲಿನಲ್ಲಿ ಹೇಳಿಬಿಡಿ: ಎಷ್ಟು ದಿನ, ಲೈವ್ ಇರುತ್ತದಾ, ಹೊಲಿದದ್ದನ್ನು ನೋಡಿ ತಿದ್ದುತ್ತೀರಾ. ಅದಿಲ್ಲದೆ ಬಂದ ಅಂಕಿಗೆ ಅರ್ಥವಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 150 ಉತ್ತರ ಬಂದವು. ಅದರಲ್ಲಿ ಬೇರೆಯವರಿಗೆ ಹೊಲಿಯುವವರು 40 ಮಂದಿ, ಅವರ ಪೈಕಿ ಹಿಂದೆ ಕಲಿಕೆಗೆ ದುಡ್ಡು ಕೊಟ್ಟವರು 24. ಮುಂದೆ ಈ 24 ಮಂದಿಯ ಉತ್ತರವನ್ನಷ್ಟೇ ಓದಿ. ಇವರಲ್ಲಿ ಹೆಚ್ಚಿನವರಿಗೆ 300 ರೂಪಾಯಿಗಿಂತ ಕೆಳಗೆ ಅನುಮಾನ, 1,000 ದಾಟಿದರೆ ದುಬಾರಿ. ಹದಿನೈದು ಮಂದಿ ‘ಫಿಟಿಂಗ್ ಸರಿ ಬರದೆ ಕಸ್ಟಮರ್ ವಾಪಸ್ ತಂದರು’ ಅಂದಿದ್ದಾರೆ. ಹಾಗಾದರೆ ‘ಸಂಪೂರ್ಣ ಟೈಲರಿಂಗ್ ಕೋರ್ಸ್’ ಬೇಕಾಗಿಲ್ಲ. ಬೇಕಿರುವುದು ಫಿಟಿಂಗ್ ತಪ್ಪನ್ನು ಹಿಡಿದು ತಿದ್ದುವ ನಾಲ್ಕು ದಿನದ ಕ್ಲಾಸ್, ಫೀಸ್ 600ರ ಆಸುಪಾಸು. ಮನೆಗಷ್ಟೇ ಹೊಲಿಯುವ ಉಳಿದವರಿಗೆ ನಿಮ್ಮ ಉಚಿತ ವಿಡಿಯೋ ಸಾಕು. ಅವರನ್ನು ಹೇಗಾದರೂ ಕೊಳ್ಳುವಂತೆ ಮಾಡಬೇಕು ಅಂತ ಹಟ ಹಿಡಿಯಬೇಡಿ, ಜಾಹೀರಾತಿನ ಆದಾಯ ಅವರಿಂದಲೂ ಬರುತ್ತದೆ.

24 ಮಂದಿ ಅಂದರೆ ಚಿಕ್ಕ ಸಂಖ್ಯೆ, ನಿಜ. ಈ 600 ರೂಪಾಯಿ ಒಂದು ಊಹೆಯಷ್ಟೇ, ಅದನ್ನು ದುಡ್ಡಿನಿಂದಲೇ ಪರೀಕ್ಷಿಸಬೇಕು. ಕೋರ್ಸ್ ಶೂಟ್ ಮಾಡುವ ಮೊದಲೇ, ಫಾರ್ಮಿನಲ್ಲಿ ‘ಕ್ಲಾಸ್ ಬಗ್ಗೆ ತಿಳಿಸಿ’ ಅಂತ ನಂಬರ್ ಕೊಟ್ಟವರಿಗೆ ಮಾತ್ರ ಮೆಸೇಜ್ ಮಾಡಿ: ದಿನಾಂಕ ಇಂಥದ್ದು, ಸೀಟು ಹನ್ನೆರಡು, ಯುಪಿಐನಲ್ಲಿ 100 ರೂಪಾಯಿ ಮುಂಗಡ ಕಳಿಸಿದರೆ ಸೀಟು ಖಾತ್ರಿ, ಎಂಟು ಮಂದಿ ಆಗದಿದ್ದರೆ ಪೂರ್ತಿ ವಾಪಸ್. ಮುಂಗಡ ಕಳಿಸಿದವರಷ್ಟೇ ನಿಜವಾದ ‘ಹೌದು’. ‘ಮುಂದಿನ ತಿಂಗಳು ನೋಡೋಣ ಮೇಡಂ’ ಅಂದವರಿಗೆ ಫೋನ್ ಮಾಡಿ ತೊಡಕು ಏನು ಅಂತ ಕೇಳಿ. ಹೊತ್ತು ಹೊಂದುವುದಿಲ್ಲ ಅಂದರೆ ಸಮಯ ಬದಲಿಸಬಹುದು. ಫೀಸ್ ಜಾಸ್ತಿ ಅಂದರೆ, ತಕ್ಷಣ ಇಳಿಸದೆ, ಹಿಂದೆ ಅವರು ಎಷ್ಟು ಕೊಟ್ಟಿದ್ದರು ಅನ್ನುವ ಉತ್ತರವನ್ನು ಶೀಟಿನಲ್ಲಿ ಒಮ್ಮೆ ತೆಗೆದು ನೋಡಿ. ಊರಿನ ಕ್ಲಾಸಿಗೆ ಎರಡು ಸಾವಿರ ಕಟ್ಟಿದವರು 600 ಜಾಸ್ತಿ ಅಂದರೆ ಅವರ ತಕರಾರು ಫೀಸಿನ ಬಗ್ಗೆ ಇರಲಿಕ್ಕಿಲ್ಲ. ಆನ್‌ಲೈನಿನಲ್ಲಿ ತಮ್ಮ ಬ್ಲೌಸನ್ನು ನೀವು ಹೇಗೆ ನೋಡಿ ತಿದ್ದುತ್ತೀರಿ ಅನ್ನುವುದು ಅವರಿಗೆ ಇನ್ನೂ ನಂಬಿಕೆಯಾಗಿಲ್ಲ. ಒಬ್ಬರ ಬ್ಲೌಸಿನ ಫೋಟೋ ತರಿಸಿಕೊಂಡು, ಅವರ ಒಪ್ಪಿಗೆ ಪಡೆದು, ತಿದ್ದುವ ಬಗೆಯನ್ನು ಹತ್ತು ನಿಮಿಷದ ವಿಡಿಯೋದಲ್ಲಿ ತೋರಿಸಿ, ಆಮೇಲೆ ಅದೇ ಫೀಸಿಗೆ ಇನ್ನೊಮ್ಮೆ ಮುಂಗಡ ಕೇಳಿ.