ಟೈಟಲ್ ಹೇಳಿದ್ದನ್ನೇ ಮತ್ತೆ ಹೇಳದ ಮೆಟಾ ಡಿಸ್ಕ್ರಿಪ್ಶನ್: ಒಂದು ಉಪ್ಪಿನಕಾಯಿ ಪುಟದ ಉದಾಹರಣೆ

ಒಂದು ಅಡುಗೆ ಪುಟ ಇದೆ ಅಂದುಕೊಳ್ಳಿ. ಅದರ ಟೈಟಲ್ "ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ವಿಧಾನ". ಮೆಟಾ ಡಿಸ್ಕ್ರಿಪ್ಶನ್, ಅಂದರೆ ಗೂಗಲ್ ಫಲಿತಾಂಶದಲ್ಲಿ ಟೈಟಲ್ ಕೆಳಗೆ ಕಾಣಲಿ ಅಂತ ಕೊಡುವ ಚಿಕ್ಕ ವಿವರಣೆ, ಬರೆಯಲು ಕೂತ ಬಹಳಷ್ಟು ಜನ ಮೊದಲು ಬರೆಯುವುದು ಹೀಗೆ: "ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ವಿಧಾನವನ್ನು ಇಲ್ಲಿ ಸುಲಭವಾಗಿ ತಿಳಿಯಿರಿ." ಓದುಗರು ಈ ಮಾತನ್ನು ಮೇಲಿನ ನೀಲಿ ಸಾಲಿನಲ್ಲಿ ಆಗಲೇ ಓದಿರುತ್ತಾರೆ. ಸಿಕ್ಕಿದ್ದ ಎರಡು ಸಾಲು ಜಾಗ ಸುಮ್ನೆ ಹಾಳಾಯಿತು, ಅಲ್ವಾ?

ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ, ಈ ಟ್ಯಾಗ್ ನೋಡಿ ಪುಟವನ್ನು ಮೇಲೆ ಕೆಳಗೆ ಮಾಡುವುದಿಲ್ಲ ಅಂತ. ಅಂದರೆ ಇದರಲ್ಲಿ ಕೀವರ್ಡ್ ತುರುಕಿ ಪ್ರಯೋಜನ ಇಲ್ಲ. ಹುಡುಕುತ್ತಿರುವ ಮನುಷ್ಯ ಓದಿ, ತನಗೆ ಬೇಕಾದ್ದು ಒಳಗೆ ಇದೆಯೋ ಇಲ್ಲವೋ ತೀರ್ಮಾನ ಮಾಡಲಿ ಅಂತ ಬರೆಯುವುದು ಇದು.

ಹಾಗಾದರೆ ಏನು ಬರೆಯಬೇಕು? ತಲೆಯಿಂದ ಹೊಳೆಯಿಸಿಕೊಳ್ಳಬೇಡಿ. ಗೂಗಲ್ ಸೈಟ್ ಮಾಲೀಕರಿಗೆ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ವರದಿ ತೆರೆದು, ಈ ಒಂದು ಪುಟಕ್ಕೆ ಫಿಲ್ಟರ್ ಹಾಕಿ, Queries ಪಟ್ಟಿ ನೋಡಿ. ಇಂಥ ಪುಟಕ್ಕೆ ಬರುವವರು "ಮಾಡುವ ವಿಧಾನ" ಅಂತ ಮಾತ್ರ ಹುಡುಕಿರುವುದಿಲ್ಲ. ಮಿಡಿಗೆ ಉಪ್ಪು ಎಷ್ಟು, ಎಷ್ಟು ದಿನ ಉಪ್ಪಿನಲ್ಲಿ ಇಡಬೇಕು, ಬೂಷ್ಟು ಯಾಕೆ ಬರುತ್ತೆ, ಎಣ್ಣೆ ಹಾಕಲೇಬೇಕಾ, ಇಂಥವೂ ಇರುತ್ತವೆ. ಕೆಲವರು ಇಂಗ್ಲಿಷ್ ಅಕ್ಷರದಲ್ಲೇ `appemidi uppinakayi` ಅಂತ ಬರೆದಿರುತ್ತಾರೆ. ಇವುಗಳಲ್ಲಿ ಪುಟ ನಿಜವಾಗಿ ಉತ್ತರ ಕೊಡುವ ಎರಡು ಮೂರನ್ನು ಆರಿಸಿ. ನಮ್ಮ ಪುಟದಲ್ಲಿ ಅಳತೆ, ದಿನದ ಲೆಕ್ಕ, ಬೂಷ್ಟಿನ ಕಾರಣ ಇದೆ ಅಂದುಕೊಂಡರೆ:

```html
<meta name="description" content="ಮಿಡಿಗೆ ಉಪ್ಪಿನ ಅಳತೆ, ಸುಕ್ಕಲು ಎಷ್ಟು ದಿನ ಬೇಕು, ಭರಣಿಯಲ್ಲಿ ಬೂಷ್ಟು ಬರುವುದೇಕೆ: ಎಣ್ಣೆ ಹಾಕದ ಮಲೆನಾಡಿನ ಕ್ರಮ, ಹಂತ ಹಂತದ ಫೋಟೋ ಸಹಿತ.">
```

"ಉಪ್ಪಿನಕಾಯಿ ಮಾಡುವ ವಿಧಾನ" ಅನ್ನುವ ಮಾತೇ ಇಲ್ಲಿಲ್ಲ, ಅದನ್ನು ಟೈಟಲ್ ಹೇಳಿಯಾಗಿದೆ. ಇನ್ನೊಂದು ಸಣ್ಣ ಎಚ್ಚರಿಕೆ: ಈ ಸಾಲಿನ ಒಳಗೆ ಯಾರದೋ ಮಾತನ್ನು ಡಬಲ್ ಕೋಟ್‌ನಲ್ಲಿ ಹಾಕಿದರೆ `content` ಅಲ್ಲಿಗೇ ಮುಗಿದುಹೋಗುತ್ತದೆ, ಉಳಿದ ಅರ್ಧ ಯಾರಿಗೂ ಕಾಣುವುದಿಲ್ಲ.

ಉದ್ದದ ವಿಷಯದಲ್ಲಿ ಕನ್ನಡದವರಿಗೆ ಬೇರೆಯೇ ತಲೆನೋವು. 160 ಕ್ಯಾರೆಕ್ಟರ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಗೂಗಲ್ ಅಂಥ ಮಿತಿಯನ್ನೇನೂ ಇಟ್ಟಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಮೇಲಾಗಿ "ಉಪ್ಪಿನಕಾಯಿ" ನಮ್ಮ ಕಣ್ಣಿಗೆ ಐದೇ ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಹತ್ತು, ಯಾಕೆಂದರೆ ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಎಣಿಕೆಯಾಗುತ್ತವೆ. ಹಾಗಾಗಿ ಎಣಿಸುವ ಟೂಲ್ ನಂಬಿ ಕೂರುವುದಕ್ಕಿಂತ ಮುಖ್ಯವಾದದ್ದನ್ನು ಮೊದಲ ಏಳೆಂಟು ಪದದಲ್ಲೇ ಹೇಳಿಬಿಡುವುದು ಒಳ್ಳೆಯದು. ಮೇಲಿನ ಸಾಲಿನಲ್ಲಿ ಫೋಟೋ ವಿಷಯ ಕೊನೆಗೆ ಇಟ್ಟಿದ್ದು ಅದಕ್ಕೇ, ಕತ್ತರಿಸಿ ಹೋದರೂ ಹೋಗಲಿ.

ಈಗ ಆಸೆ ಹುಟ್ಟಿಸುವ ದಾರಿ. "ಈ ಒಂದು ಪದಾರ್ಥ ಹಾಕಿ, ಉಪ್ಪಿನಕಾಯಿ ಹತ್ತು ವರ್ಷ ಕೆಡಲ್ಲ!" ಕ್ಲಿಕ್ ಬರುತ್ತದೆ, ಸುಳ್ಳೇನಲ್ಲ. ಆದರೆ ಪುಟದಲ್ಲಿ ಅಂಥ ಪದಾರ್ಥವೇ ಇಲ್ಲ, ಇರುವುದು ಉಪ್ಪು ಮತ್ತು ಒಣಗಿದ ಸೌಟು. ಮೋಸ ಏನೆಂದರೆ ಸರ್ಚ್ ಕನ್ಸೋಲ್ ಇದನ್ನು ಗೆಲುವು ಅಂತಲೇ ತೋರಿಸುತ್ತದೆ, ಬಂದವರು ತಕ್ಷಣ ವಾಪಸ್ ಹೋದದ್ದು ಅಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಅನಾಲಿಟಿಕ್ಸ್‌ನಲ್ಲಿ ಸರ್ಚ್‌ನಿಂದ ಬಂದವರು ಈ ಪುಟದಲ್ಲಿ ಕಳೆದ ಸರಾಸರಿ ಸಮಯವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕ್ಲಿಕ್ ಏರಿ ಸಮಯ ಇಳಿದರೆ ನಿಮ್ಮ ಸಾಲು ಏನೋ ಜಾಸ್ತಿ ಹೇಳುತ್ತಿದೆ.

ಅಳೆಯುವಾಗ ನಾನು ಮೊದಲು ಎಡವಿದ್ದು ಇಲ್ಲೇ. 1,000 ಸಲ ಕಾಣಿಸಿ 30 ಕ್ಲಿಕ್ ಬಂದರೆ ಸಿಟಿಆರ್, ಅಂದರೆ ಕ್ಲಿಕ್ ಪ್ರಮಾಣ, 3%. ಸಾಲು ಬದಲಿಸಿದ ಮೇಲೆ 5% ಆಯಿತು ಅಂತ ಕುಣಿಯುವ ಮುಂಚೆ ಸರಾಸರಿ ಪೊಸಿಷನ್ ನೋಡಿ. ಅದು 7ರಿಂದ 4ಕ್ಕೆ ಬಂದಿದ್ದರೆ ಏರಿಕೆಗೆ ಕಾರಣ ನಿಮ್ಮ ಸಾಲಲ್ಲದೇ ಇರಬಹುದು, ಮೇಲಿರುವ ಪುಟಕ್ಕೆ ಹೇಗೂ ಜಾಸ್ತಿ ಕ್ಲಿಕ್. ಮಿಡಿ ಸಿಗುವ ಕಾಲದಲ್ಲಿ ಹುಡುಕುವವರೇ ಬೇರೆ, ಮಳೆಗಾಲದಲ್ಲಿ ಹುಡುಕುವವರೇ ಬೇರೆ, ಅದನ್ನೂ ಮರೆಯಬಾರದು. ಹೋಲಿಸಬೇಕಾದ್ದು ಒಂದೇ ಕ್ವೆರಿ, ಹತ್ತಿರ ಹತ್ತಿರದ ಪೊಸಿಷನ್, ಹಿಂದಿನ 28 ದಿನ ಮತ್ತು ಮುಂದಿನ 28 ದಿನ. ಮುಂದಿನದನ್ನು ಲೆಕ್ಕ ಹಾಕಬೇಕಾದ್ದು ಹೊಸ ಸಾಲು ಫಲಿತಾಂಶದಲ್ಲಿ ಕಾಣಿಸಿಕೊಂಡ ದಿನದಿಂದ, ನೀವು ಸೇವ್ ಮಾಡಿದ ದಿನದಿಂದ ಅಲ್ಲ.

ಕಾಣಿಸಿಕೊಂಡಿತಾ ಅಂತ ತಿಳಿಯಲು ಆ ಕ್ವೆರಿಯನ್ನೇ ಬರೆದು ಹುಡುಕಿ. ಗೂಗಲ್ ನಿಮ್ಮ ಸಾಲು ಬಿಟ್ಟು ಪುಟದ ಒಳಗಿನ ಯಾವುದೋ ವಾಕ್ಯ ತೋರಿಸಬಹುದು, ಕ್ವೆರಿ ಬದಲಾದರೆ ಅದೂ ಬದಲಾಗುತ್ತದೆ. "ಬೂಷ್ಟು" ಅಂತ ಹುಡುಕಿದವರಿಗೆ ಪುಟದಲ್ಲಿರುವ ಬೂಷ್ಟಿನ ಪ್ಯಾರಾ ಕಂಡರೆ ಅದನ್ನು ನಾನು ಹಾಗೇ ಬಿಡುತ್ತೇನೆ. ಆದರೆ ಕಾಣುತ್ತಿರುವುದು ಮೆನು ಅಥವಾ ಕುಕೀ ಸೂಚನೆಯ ಸಾಲಾದರೆ, ಆ ಭಾಗದ `div` ಟ್ಯಾಗಿಗೆ, ಇದನ್ನು ಫಲಿತಾಂಶದಲ್ಲಿ ತೋರಿಸಬೇಡ ಅಂತ ಗೂಗಲ್‌ಗೆ ಹೇಳುವ `data-nosnippet` ಹಾಕಿ ಮತ್ತೆ ನೋಡಿ.