ಹತ್ತು ಲಕ್ಷದ ಉದ್ರಿಯಲ್ಲಿ ಹಳೆಯದೆಷ್ಟು?

ಸೋಪು, ಬಿಸ್ಕತ್ತು ಹಂಚುವ ಒಬ್ಬ ಡಿಸ್ಟ್ರಿಬ್ಯೂಟರ್‌ಗೆ ಅಂಗಡಿಗಳಿಂದ ಹತ್ತು ಲಕ್ಷ ಬರಬೇಕಿದೆ ಎಂದುಕೊಳ್ಳಿ. ಈ ಮೊತ್ತ ಕಳೆದ ವಾರದ್ದೋ, ಕಳೆದ ದೀಪಾವಳಿಯದ್ದೋ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಪ್ರತಿ ಬಿಲ್ಲಿನ ವಯಸ್ಸು ಲೆಕ್ಕಹಾಕಿ 0–30, 31–60, 61–90, 90 ದಿನ ದಾಟಿದ್ದು ಎಂದು ವಿಂಗಡಿಸಿ ತೋರಿಸುವುದೇ ಏಜಿಂಗ್ ವರದಿ. ವಯಸ್ಸನ್ನು ಬಿಲ್ಲಿನ ದಿನದಿಂದ ಎಣಿಸಬಹುದು, ಹಣ ಕೊಡಬೇಕಾದ ಗಡುವಿನಿಂದಲೂ ಎಣಿಸಬಹುದು. ಯಾವುದಾದರೊಂದಕ್ಕೆ ಅಂಟಿಕೊಂಡರೆ ಮಾತ್ರ ಈ ತಿಂಗಳನ್ನು ಹೋದ ತಿಂಗಳಿನೊಂದಿಗೆ ಹೋಲಿಸಲು ಬರುತ್ತದೆ.

ವರದಿಯನ್ನು ನಂಬುವ ಮೊದಲು ಜಮೆಗಳನ್ನು ನೋಡಬೇಕು. ಒಂದು ಅಂಗಡಿಯ 18,000 ರೂಪಾಯಿಯ ಬಿಲ್ಲು 110 ದಿನದಿಂದ ಬಾಕಿ ಎಂದು ತೋರಿಸುತ್ತಿದೆ. ಲೆಡ್ಜರ್ ತೆರೆದರೆ ಅಂಗಡಿಯವರು 16,800 ಎಂದೋ ಕೊಟ್ಟಾಗಿದೆ. ಟ್ಯಾಲಿಯಲ್ಲಿ ಆ ರಸೀದಿಯನ್ನು Agst Ref ಆರಿಸಿ ಬಿಲ್ಲಿಗೆ ಹೊಂದಿಸುವ ಬದಲು On Account ಎಂದು ಹಾಕಿದ್ದಾರೆ. ಉಳಿದ 1,200 ಅವಧಿ ಮುಗಿದು ವಾಪಸಾದ ಮಾಲಿನದು, ಅದರ ಕ್ರೆಡಿಟ್ ನೋಟ್ ನಾವೇ ಇನ್ನೂ ಕೊಟ್ಟಿಲ್ಲ. ಅಂದರೆ ಆ ಬಿಲ್ಲಿನಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಇಂಥವರಿಗೆ ಮಾಲು ನಿಲ್ಲಿಸಿದರೆ ಒಳ್ಳೆಯ ಗಿರಾಕಿ ಕೈತಪ್ಪುತ್ತಾರೆ. ಒಂದೇ ಅಂಗಡಿಯ ಹೆಸರಿನಲ್ಲಿ ಹಳೇ ಬಾಕಿಯೂ ಹೊಂದಿಸದ ಜಮೆಯೂ ಒಟ್ಟಿಗೆ ಕಂಡರೆ ಮೊದಲು ಈ ಗೊಂದಲವನ್ನೇ ಶಂಕಿಸಿ.

ಇದನ್ನೆಲ್ಲ ಸರಿಪಡಿಸಿದ ಮೇಲೆ ಉಳಿದ ಹತ್ತು ಲಕ್ಷ ಕ್ರಮವಾಗಿ 6,00,000, 2,50,000, 1,00,000 ಮತ್ತು 50,000 ಎಂದು ಹಂಚಿಹೋಗಿದೆ. ಬಾಕಿ ಹಳೆಯದಾದಷ್ಟೂ ವಸೂಲಾಗುವ ಭರವಸೆ ಕಡಿಮೆ. ಆದ್ದರಿಂದ ಶೇ. 1, 3, 10, 50ರಂತೆ ನಷ್ಟದ ಅಂದಾಜು ಹಾಕಿದರೆ 6,000, 7,500, 10,000, 25,000, ಒಟ್ಟು 48,500. ಇದೇ ಪ್ರಾವಿಷನ್. ಈ ದರಗಳು ಉದಾಹರಣೆಗಷ್ಟೇ. ನಿಮ್ಮವು ನಿಮ್ಮ ಹಿಂದಿನ ವರ್ಷಗಳ ವಸೂಲಿಯಿಂದಲೇ ಬರಬೇಕು. ಆ 18,000 ಹಾಗೇ ಉಳಿದಿದ್ದರೆ ಪ್ರಾವಿಷನ್ ಸುಮ್ಮನೆ 9,000 ಹೆಚ್ಚುತ್ತಿತ್ತು.

ಹೋದ ವರ್ಷದ ಪ್ರಾವಿಷನ್ 30,000 ಪುಸ್ತಕದಲ್ಲಿ ಇದ್ದರೆ ಈ ವರ್ಷ ಲಾಭದಿಂದ ಕಳೆಯುವುದು ವ್ಯತ್ಯಾಸದ 18,500 ಮಾತ್ರ. ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿ 9,51,500 ಎಂದು ಕಾಣುತ್ತದೆ. ಅಂಗಡಿಗಳ ಲೆಡ್ಜರಿನಲ್ಲಿ ಒಂದು ಪೈಸೆಯೂ ಬದಲಾಗುವುದಿಲ್ಲ, ವಸೂಲಿ ನಡೆಯುತ್ತಲೇ ಇರಬೇಕು.

ಅಂಗಡಿ ಮುಚ್ಚಿಹೋಗಿ ಹಣ ಬರುವುದಿಲ್ಲ ಎಂದಾದಾಗ ಆ ಬಾಕಿಯನ್ನೇ ಪುಸ್ತಕದಿಂದ ತೆಗೆಯುವುದು ರೈಟ್ ಆಫ್. ವ್ಯಾಪಾರಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದು ಹೀಗೆ ತೆಗೆದಾಗ, ಬರೀ ಪ್ರಾವಿಷನ್ ಮಾಡಿದರೆ ಸಿಗದು. ಆ ಬಿಲ್ಲಿಗೆ ಕಟ್ಟಿದ ಜಿಎಸ್‌ಟಿಯಂತೂ ವಾಪಸ್ ಬರುವುದಿಲ್ಲ.

ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಅದು ಮುಗಿಯುವ ಮೊದಲೇ ಅಂಗಡಿಯವರು ಬಾಕಿಯನ್ನು ಒಪ್ಪಿ ಬರವಣಿಗೆಯಲ್ಲಿ ಸಹಿ ಹಾಕಿಕೊಟ್ಟರೆ ಆ ದಿನದಿಂದ ಹೊಸ ಅವಧಿ ಶುರು. 90 ದಿನ ದಾಟಿದವರ ಪಟ್ಟಿ ಹಿಡಿದು ಹೊರಡುವ ಸೇಲ್ಸ್‌ಮನ್ ಕೈಯಲ್ಲಿ ಬಾಕಿ ದೃಢೀಕರಣದ ಪತ್ರವನ್ನೂ ಕಳಿಸಿ.